‘ವೈರುಧ್ಯಗಳ ಬದುಕು’: ಅಂಬೇಡ್ಕರ್ ಭಾಷಣದ ಎಂಟು ವಾಕ್ಯಗಳನ್ನು ಕನ್ನಡಕ್ಕೆ ತರುವಾಗ

ಪ್ರಶ್ನೆ: ಎಂ.ಎ. ಭಾಷಾಂತರ ಪತ್ರಿಕೆಯ ಅಸೈನ್‌ಮೆಂಟ್‌ಗೆ ಡಾ. ಅಂಬೇಡ್ಕರ್ ಅವರು ಸಂವಿಧಾನ ರಚನಾ ಸಭೆಯಲ್ಲಿ ಮಾಡಿದ ಸಮಾರೋಪ ಭಾಷಣದ ‘ವೈರುಧ್ಯಗಳ ಬದುಕು’ ಎಂಬ ಭಾಗವನ್ನು ಅನುವಾದಿಸಿದ್ದೇನೆ. ಮೂಲದಲ್ಲಿ ಒಂದೇ ಮಾತು ಪದೇಪದೇ ಬರುವುದರಿಂದ ಓದಲು ಬೇಸರವಾಗುತ್ತದೆಂದು ಕೆಲವು ವಾಕ್ಯಗಳನ್ನು ಸೇರಿಸಿ ಬರೆದೆ. ಉದಾಹರಣೆಗೆ: ‘ರಾಜಕೀಯದಲ್ಲಿ ಸಮಾನತೆ ಸಿಕ್ಕರೂ ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ತಾರತಮ್ಯ ಮುಂದುವರಿಯಲಿದೆ’, ‘ಈ ವೈರುಧ್ಯವನ್ನೂ ಸಮಾನತೆಯ ನಿರಾಕರಣೆಯನ್ನೂ ಇನ್ನೆಷ್ಟು ಕಾಲ ಸಹಿಸಬೇಕು?’ ಅನುವಾದದ ಜೊತೆಗೆ ಪುನರಾವರ್ತನೆ, ವಿರೋಧ ಮುಂತಾದ ವಾಗ್ಮಿತೆಯ ತಂತ್ರಗಳ ವಿಶ್ಲೇಷಣೆಯನ್ನೂ ಬರೆಯಬೇಕು. ‘ವಿರೋಧಾಭಾಸ ಅಲಂಕಾರ’ ಎಂದು ಬರೆದರೆ ಸಾಕೇ? ನನ್ನ ಅನುವಾದ ಸರಿ ಇದೆಯೇ?

ಉತ್ತರ: ನಿಮ್ಮ ಎರಡೂ ವಾಕ್ಯಗಳ ಕನ್ನಡ ಚೆನ್ನಾಗಿದೆ. ಅವನ್ನು ಪತ್ರಿಕೆಯ ವರದಿಯಲ್ಲಿ ಓದಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ತೊಂದರೆ ಇರುವುದೂ ಅಲ್ಲಿಯೇ: ಭಾಷಣಕಾರರು ಏನು ಹೇಳಿದರು ಎಂಬುದನ್ನು ನೀವು ವರದಿ ಮಾಡಿದ್ದೀರಿ, ಆದರೆ ಅವರು ಹೇಳಿದ ರೀತಿ ನಿಮ್ಮ ವಾಕ್ಯಗಳಲ್ಲಿ ಉಳಿದಿಲ್ಲ. ಈ ಭಾಗದಲ್ಲಿ ವಾದವನ್ನು ಹೊತ್ತಿರುವುದೇ ಪುನರಾವರ್ತನೆ ಮತ್ತು ವಿರೋಧ. ಅವನ್ನು ತೆಗೆದರೆ ವಾದದ ಅರ್ಧ ಭಾಗ ಹೋಗುತ್ತದೆ. ನಿಮ್ಮ ಎರಡನೆಯ ವಾಕ್ಯದಲ್ಲಂತೂ ಅರ್ಥವೇ ತಿರುಗಿಬಿಟ್ಟಿದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಸಂದರ್ಭವನ್ನು ನೋಡೋಣ. ಈ ಮಾತುಗಳನ್ನು ಹೇಳಿದ್ದು 1949ರ ನವೆಂಬರ್ 25ರಂದು. ಸಂವಿಧಾನದ ಕರಡಿನ ಮೇಲಿನ ಕೊನೆಯ ಚರ್ಚೆಗೆ ಕರಡು ಸಮಿತಿಯ ಅಧ್ಯಕ್ಷರಾಗಿ ಅಂಬೇಡ್ಕರ್ ಉತ್ತರ ಕೊಡುತ್ತಿದ್ದರು. ಮರುದಿನ, ಅಂದರೆ ನವೆಂಬರ್ 26ರಂದು, ಸಭೆ ಸಂವಿಧಾನವನ್ನು ಅಂಗೀಕರಿಸಿತು. ಅದು ಪೂರ್ಣವಾಗಿ ಜಾರಿಗೆ ಬಂದದ್ದು ಎರಡು ತಿಂಗಳ ಬಳಿಕ, 1950ರ ಜನವರಿ 26ರಂದು. ಹೀಗಾಗಿ ಕೇಳುಗರೆಲ್ಲ ಆ ಸಂವಿಧಾನವನ್ನು ಕಟ್ಟಿದವರೇ, ಮರುದಿನ ಅದಕ್ಕೆ ಒಪ್ಪಿಗೆ ಕೊಡಲಿದ್ದವರೇ. ಅಭಿನಂದನೆ ನಿರೀಕ್ಷಿಸಬಹುದಾದ ಗಳಿಗೆಯಲ್ಲಿ ಅವರಿಗೆ ಎಚ್ಚರಿಕೆ ಸಿಗುತ್ತದೆ. ಮೊದಲ ವಾಕ್ಯದಲ್ಲಿ ದಿನಾಂಕವನ್ನು ಅಷ್ಟು ಖಚಿತವಾಗಿ ಹೇಳಿರುವುದೂ ಇದಕ್ಕಾಗಿಯೇ. ಎಲ್ಲರೂ ಸಂಭ್ರಮಕ್ಕೆ ಗುರುತು ಹಾಕಿಕೊಂಡಿದ್ದ ದಿನವನ್ನೇ ಅವರು ವೈರುಧ್ಯದ ಬದುಕು ಆರಂಭವಾಗುವ ದಿನ ಎಂದು ಕರೆಯುತ್ತಾರೆ. ಅನುವಾದದಲ್ಲಿ ಆ ದಿನಾಂಕವನ್ನು ವಾಕ್ಯದ ಮೊದಲಿನಿಂದ ಕದಲಿಸಬೇಡಿ.

ಅನುವಾದಕ್ಕೆ ಕೈ ಹಾಕುವ ಮುನ್ನ ಮೂಲವನ್ನು ಎರಡು ಸಲ ಗಟ್ಟಿಯಾಗಿ ಓದಿ, ಒಂದಕ್ಕಿಂತ ಹೆಚ್ಚು ಸಲ ಬರುವ ಪ್ರತಿಯೊಂದು ಪದದ ಕೆಳಗೂ ಗೆರೆ ಎಳೆಯಿರಿ. ಹಾಗೆ ಮಾಡಿದರೆ ಈ ಎಂಟು ವಾಕ್ಯಗಳಲ್ಲಿ ‘ನಾವು’ ಹತ್ತು ಸಲ, ‘ಸಾಮಾಜಿಕ ಮತ್ತು ಆರ್ಥಿಕ’ ಎಂಬ ಜೋಡಿ ನಾಲ್ಕು ಸಲ, ‘ಮುಂದುವರಿಸು’ ಎಂಬ ಅರ್ಥದ ಕ್ರಿಯಾಪದ ನಾಲ್ಕು ಸಲ, ‘ನಿರಾಕರಿಸು’ ಮೂರು ಸಲ, ‘ವೈರುಧ್ಯ’ ಮೂರು ಸಲ, ಸಮಾನತೆ ಮತ್ತು ಅಸಮಾನತೆ ಎರಡೆರಡು ಸಲ, ‘ರಾಜಕೀಯ ಪ್ರಜಾಪ್ರಭುತ್ವ’ ಎರಡು ಸಲ ಬರುವುದು ಕಾಣುತ್ತದೆ. ಸುಲಭವಾಗಿ ಕಣ್ತಪ್ಪುವ ಇನ್ನೊಂದು ಪದ ‘ರಚನೆ’: ಅದು ನಾಲ್ಕನೆಯ ವಾಕ್ಯದಲ್ಲಿ ಒಮ್ಮೆ, ಕೊನೆಯ ವಾಕ್ಯದಲ್ಲಿ ಒಮ್ಮೆ ಇದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದೇ ಒಂದು ಕನ್ನಡ ಪದವನ್ನು ಗೊತ್ತು ಮಾಡಿಕೊಂಡು, ಎಂಟು ವಾಕ್ಯಗಳು ಮುಗಿಯುವವರೆಗೂ ಅದನ್ನು ಬದಲಿಸದೆ ನಡೆಯುವುದು ಮೊದಲ ನಿಯಮ. ಬೇರೆ ಬರಹಗಳಲ್ಲಿ ಪರ್ಯಾಯ ಪದಗಳನ್ನು ಬಳಸುವುದು ಭಾಷೆಯ ಸಂಪತ್ತಿನ ಲಕ್ಷಣ. ಇಂಥ ಭಾಷಣದಲ್ಲಿ ಅದು ಅನುವಾದಕನ ಚಾಪಲ್ಯ.

ಈ ನಿಯಮಕ್ಕೆ ಬದ್ಧನಾಗಿ ನಾನು ಮಾಡಿರುವ ಅನುವಾದ ಹೀಗಿದೆ:

‘1950ರ ಜನವರಿ 26ರಂದು ನಾವು ವೈರುಧ್ಯಗಳ ಬದುಕನ್ನು ಪ್ರವೇಶಿಸಲಿದ್ದೇವೆ. ರಾಜಕೀಯದಲ್ಲಿ ನಮಗೆ ಸಮಾನತೆ ಇರುತ್ತದೆ; ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ನಮಗೆ ಅಸಮಾನತೆ ಇರುತ್ತದೆ. ರಾಜಕೀಯದಲ್ಲಿ ನಾವು ಒಬ್ಬ ವ್ಯಕ್ತಿಗೆ ಒಂದು ಮತ, ಒಂದು ಮತಕ್ಕೆ ಒಂದು ಮೌಲ್ಯ ಎಂಬ ತತ್ವವನ್ನು ಮಾನ್ಯ ಮಾಡುತ್ತಿರುತ್ತೇವೆ. ನಮ್ಮ ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ನಾವು, ನಮ್ಮ ಸಾಮಾಜಿಕ ಮತ್ತು ಆರ್ಥಿಕ ರಚನೆಯ ಕಾರಣದಿಂದಾಗಿ, ಒಬ್ಬ ವ್ಯಕ್ತಿಗೆ ಒಂದು ಮೌಲ್ಯ ಎಂಬ ತತ್ವವನ್ನು ನಿರಾಕರಿಸುತ್ತಲೇ ಇರುತ್ತೇವೆ. ಎಷ್ಟು ಕಾಲ ನಾವು ಈ ವೈರುಧ್ಯಗಳ ಬದುಕನ್ನು ಬದುಕುತ್ತಲೇ ಇರುತ್ತೇವೆ? ಎಷ್ಟು ಕಾಲ ನಾವು ನಮ್ಮ ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಸಮಾನತೆಯನ್ನು ನಿರಾಕರಿಸುತ್ತಲೇ ಇರುತ್ತೇವೆ? ಬಹುಕಾಲ ನಾವು ಅದನ್ನು ನಿರಾಕರಿಸುತ್ತಲೇ ಇದ್ದರೆ, ನಮ್ಮ ರಾಜಕೀಯ ಪ್ರಜಾಪ್ರಭುತ್ವವನ್ನು ಅಪಾಯಕ್ಕೆ ಒಡ್ಡಿಯೇ ಹಾಗೆ ಮಾಡಬೇಕಾಗುತ್ತದೆ. ಈ ವೈರುಧ್ಯವನ್ನು ನಾವು ಸಾಧ್ಯವಾದಷ್ಟು ಬೇಗ ತೊಡೆದುಹಾಕಬೇಕು; ಇಲ್ಲವಾದರೆ, ಅಸಮಾನತೆಯಿಂದ ನರಳುವವರು, ಈ ಸಭೆ ಇಷ್ಟೊಂದು ಶ್ರಮಪಟ್ಟು ಕಟ್ಟಿರುವ ರಾಜಕೀಯ ಪ್ರಜಾಪ್ರಭುತ್ವದ ರಚನೆಯನ್ನು ಸಿಡಿಸಿಬಿಡುತ್ತಾರೆ.’

ವಿರೋಧದಿಂದ ಆರಂಭಿಸೋಣ. ಎರಡನೆಯ ವಾಕ್ಯದ ಎರಡು ಭಾಗಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಮೊದಲು ಕ್ಷೇತ್ರ, ಆಮೇಲೆ ‘ನಮಗೆ’, ಆಮೇಲೆ ಸಮಾನತೆ ಅಥವಾ ಅಸಮಾನತೆ. ಉಳಿದೆಲ್ಲವೂ ಸ್ಥಿರವಾಗಿರುವುದರಿಂದ ಬದಲಾದ ಎರಡೇ ಅಂಶಗಳು ಕಿವಿಗೆ ಬಡಿಯುತ್ತವೆ: ಕ್ಷೇತ್ರ ಮತ್ತು ‘ಅ’ ಎಂಬ ಒಂದೇ ಅಕ್ಷರ. ಕನ್ನಡಕ್ಕೆ ಇಲ್ಲಿ ಅದೃಷ್ಟವಿದೆ, ಮೂಲದಲ್ಲಿ ಇರುವಂತೆಯೇ ನಮ್ಮಲ್ಲೂ ಒಂದು ಪೂರ್ವಪ್ರತ್ಯಯ ಇಡೀ ಪದವನ್ನು ಬುಡಮೇಲು ಮಾಡುತ್ತದೆ. ನೀವು ಎರಡನೆಯ ಭಾಗದಲ್ಲಿ ‘ತಾರತಮ್ಯ’ ಎಂದು ಬರೆದದ್ದರಿಂದ ಆ ಕನ್ನಡಿ ಒಡೆದಿದೆ. ತಾರತಮ್ಯ ಒಳ್ಳೆಯ ಪದವೇ, ಆದರೆ ಅದು ಯಾರೋ ಯಾರಿಗೋ ಮಾಡುವ ಭೇದವನ್ನು ಸೂಚಿಸುತ್ತದೆ. ಅಂಬೇಡ್ಕರ್ ಹೇಳುತ್ತಿರುವುದು ಒಂದು ಸ್ಥಿತಿಯನ್ನು.

ನಿಮ್ಮ ವಾಕ್ಯದ ‘ಸಿಕ್ಕರೂ’ ಎಂಬುದು ಇನ್ನೂ ಸೂಕ್ಷ್ಮವಾದ ಹಾನಿ ಮಾಡಿದೆ. ಮೂಲದಲ್ಲಿ ಎರಡು ಭಾಗಗಳ ನಡುವೆ ಇರುವುದು ‘ಮತ್ತು’ ಎಂಬ ಅರ್ಥದ ಪದ. ‘ಆದರೆ’ ಎಂಬುದು ಅಲ್ಲಿ ಇಲ್ಲವೇ ಇಲ್ಲ. ‘ಆದರೆ’, ‘ಆದರೂ’, ‘ಇದ್ದರೂ’ ಮುಂತಾದವು ಎರಡು ಸಂಗತಿಗಳ ನಡುವಿನ ಸಂಬಂಧವನ್ನು ಮಾತುಗಾರನೇ ವಿವರಿಸಿಬಿಡುವ ಪದಗಳು. ಅವು ಬಂದ ಕೂಡಲೇ ಒಂದು ಸಂಗತಿ ಮುಖ್ಯವಾಗುತ್ತದೆ, ಇನ್ನೊಂದು ರಿಯಾಯಿತಿಯಾಗುತ್ತದೆ. ‘ಸಮಾನತೆ ಸಿಕ್ಕರೂ’ ಎಂದರೆ ಸಿಕ್ಕಿದ ಸಮಾನತೆ ಹಿನ್ನೆಲೆಗೆ ಸರಿದು ದೂರು ಮಾತ್ರ ಮುಂದೆ ನಿಲ್ಲುತ್ತದೆ. ಅಂಬೇಡ್ಕರ್ ಹಾಗೆ ಮಾಡುವುದಿಲ್ಲ. ಎರಡೂ ಒಟ್ಟಿಗೇ, ಒಂದೇ ದಿನ, ಒಂದೇ ಜನರಿಗೆ ನಿಜವಾಗಿರುತ್ತವೆ ಎಂದು ಪಕ್ಕಪಕ್ಕದಲ್ಲಿ ಇಡುತ್ತಾರೆ. ಅವೆರಡೂ ಕೂಡಿ ಬಾಳಲಾರವು ಎಂಬುದನ್ನು ಕೇಳುಗನೇ ಕಂಡುಕೊಳ್ಳಬೇಕು. ಕನ್ನಡದಲ್ಲಿ ಎರಡು ಪೂರ್ಣ ಕ್ರಿಯಾಪದಗಳ ನಡುವೆ ‘ಮತ್ತು’ ಹಾಕುವುದು ಅಷ್ಟು ಸಹಜವಲ್ಲದ ಕಾರಣ ನಾನು ಬರಿಯ ಅರ್ಧವಿರಾಮವನ್ನು ಬಳಸಿದ್ದೇನೆ. ಅದೇ ಸಂಯಮವನ್ನು ಅದು ಉಳಿಸಿಕೊಡುತ್ತದೆ.

ಇದೇ ವಾಕ್ಯದಲ್ಲಿ ‘ನಾವು ಸಮಾನತೆಯನ್ನು ಹೊಂದಿರುತ್ತೇವೆ’ ಎಂದು ಬರೆಯುವ ಅಭ್ಯಾಸ ಅನುವಾದಗಳಲ್ಲಿ ವ್ಯಾಪಕವಾಗಿದೆ. ಕನ್ನಡದಲ್ಲಿ ಇರುವಿಕೆಯನ್ನು ಹೇಳಲು ಚತುರ್ಥಿಯೇ ಸಹಜ: ನಮಗೆ ಮನೆ ಇದೆ, ನಮಗೆ ಸಾಲ ಇದೆ, ನಮಗೆ ಸಮಾನತೆ ಇದೆ. ಈ ಸಹಜ ರೂಪದಿಂದ ಒಂದು ಲಾಭವೂ ಉಂಟು. ಎರಡನೆಯ ವಾಕ್ಯದಲ್ಲಿ ‘ನಮಗೆ’ ಏನೋ ಇರುತ್ತದೆ. ಮೂರನೆಯ ಮತ್ತು ನಾಲ್ಕನೆಯ ವಾಕ್ಯಗಳಲ್ಲಿ ‘ನಾವು’ ಏನೋ ಮಾಡುತ್ತೇವೆ, ಒಂದು ಕಡೆ ಮಾನ್ಯ ಮಾಡುತ್ತೇವೆ, ಇನ್ನೊಂದು ಕಡೆ ನಿರಾಕರಿಸುತ್ತೇವೆ. ಸ್ಥಿತಿಯಿಂದ ಕ್ರಿಯೆಗೆ ಸಾಗುವ ಈ ನಡೆ ಮೂಲದಲ್ಲಿಯೂ ಇದೆ, ಆದರೆ ಚತುರ್ಥಿಯಿಂದ ಪ್ರಥಮೆಗೆ ಹಾರುವ ಕನ್ನಡದಲ್ಲಿ ಅದು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯರಚನೆಯೂ ಸಹಾಯಕ್ಕೆ ಬರುತ್ತದೆ: ‘ಮಾನ್ಯ ಮಾಡುತ್ತಿರುತ್ತೇವೆ’, ‘ನಿರಾಕರಿಸುತ್ತಲೇ ಇರುತ್ತೇವೆ’ ಎಂಬ ವಿರುದ್ಧ ಕ್ರಿಯೆಗಳು ಎರಡು ವಾಕ್ಯಗಳ ತುದಿಯಲ್ಲಿ ಎದುರುಬದುರಾಗಿ ನಿಲ್ಲುತ್ತವೆ.

ಈಗ ಈ ಭಾಗದ ಕೀಲಿ ಎನ್ನಬಹುದಾದ ಮಾತಿಗೆ ಬರೋಣ. ‘ಒಬ್ಬ ವ್ಯಕ್ತಿಗೆ ಒಂದು ಮತ, ಒಂದು ಮತಕ್ಕೆ ಒಂದು ಮೌಲ್ಯ’ ಎಂಬುದು ಅಂಬೇಡ್ಕರ್ ಅಂದು ಹೊಸದಾಗಿ ಹೊಸೆದ ಮಾತಲ್ಲ. ಮತಾಧಿಕಾರದ ಚಳವಳಿಗಳಲ್ಲಿ ಆಗಲೇ ಚಲಾವಣೆಯಲ್ಲಿದ್ದ ಘೋಷಣೆ. ಅದರ ಹಿಂದಿನ ವಾಸ್ತವ ಸಭೆಯ ಸದಸ್ಯರಿಗೆಲ್ಲ ಗೊತ್ತಿತ್ತು. 1935ರ ಕಾಯ್ದೆಯ ಅಡಿಯಲ್ಲಿ ಆಸ್ತಿ, ತೆರಿಗೆ, ವಿದ್ಯಾಭ್ಯಾಸ ಮುಂತಾದ ಅರ್ಹತೆಗಳಿದ್ದವರಿಗಷ್ಟೇ ಮತವಿತ್ತು. ಬ್ರಿಟನ್ನಿನಲ್ಲಿಯೇ ವಿಶ್ವವಿದ್ಯಾಲಯದ ಪದವೀಧರರಿಗೆ, ವ್ಯಾಪಾರದ ಸ್ಥಳ ಉಳ್ಳವರಿಗೆ ಎರಡನೆಯ ಮತ ಕೊಡುತ್ತಿದ್ದ ಪದ್ಧತಿ ರದ್ದಾದದ್ದು 1948ರ ಕಾಯ್ದೆಯಿಂದ. ಇತ್ತ ನಮ್ಮ ಸಂವಿಧಾನದ 326ನೆಯ ವಿಧಿ ವಯಸ್ಕರೆಲ್ಲರಿಗೂ ಮತಾಧಿಕಾರ ಕೊಟ್ಟಿತು. 325ನೆಯ ವಿಧಿ ಧರ್ಮ, ಜಾತಿ, ಲಿಂಗಗಳ ಆಧಾರದ ಮೇಲೆ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡಬಾರದೆಂದು ಹೇಳಿತು. ಆದ್ದರಿಂದ ಮೂರನೆಯ ವಾಕ್ಯದಲ್ಲಿ ವ್ಯಂಗ್ಯವನ್ನು ಹುಡುಕಬೇಡಿ. ಅದು ನಿಜವಾದ ಗಳಿಕೆಯ ಹೇಳಿಕೆ. ಗಳಿಕೆ ದೊಡ್ಡದಾಗಿದ್ದರೆ ಮಾತ್ರ ಮುಂದಿನ ವಾಕ್ಯದ ವಿರೋಧಕ್ಕೆ ತೂಕ ಬರುತ್ತದೆ.

ಈ ಪರಿಚಿತ ಘೋಷಣೆಗೆ ಅವರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಘೋಷಣೆ ಸರಪಳಿಯಂತಿದೆ: ವ್ಯಕ್ತಿಯಿಂದ ಮತಕ್ಕೆ, ಮತದಿಂದ ಮೌಲ್ಯಕ್ಕೆ. ಒಂದು ಘಟಕದ ಕೊನೆಯ ಪದವನ್ನೇ ಹಿಡಿದು ಮುಂದಿನ ಘಟಕ ಆರಂಭವಾಗುತ್ತದೆ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮುಕ್ತಪದಗ್ರಸ್ತದ ನಡೆ. ನಾಲ್ಕನೆಯ ವಾಕ್ಯದಲ್ಲಿ ಅವರು ಸರಪಳಿಯ ನಡುವಿನ ಕೊಂಡಿಯನ್ನು, ಅಂದರೆ ಮತವನ್ನು, ಕಳಚಿಬಿಡುತ್ತಾರೆ. ಉಳಿಯುವುದು ‘ಒಬ್ಬ ವ್ಯಕ್ತಿಗೆ ಒಂದು ಮೌಲ್ಯ’. ಮತಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ ಮೇಲೆ ವ್ಯಕ್ತಿಯ ಮೌಲ್ಯ ಎಷ್ಟು ಎಂಬ ಪ್ರಶ್ನೆಯನ್ನು ಅವರು ಕೇಳದೆಯೇ ಕೇಳಿದಂತಾಗುತ್ತದೆ. ಇಷ್ಟೆಲ್ಲ ಆಗಬೇಕಾದರೆ ಅನುವಾದದ ಎರಡೂ ಕಡೆ ಒಂದೇ ಪದಗಳಿರಬೇಕು. ‘ಒಬ್ಬರಿಗೊಂದು ಓಟು, ಎಲ್ಲ ಮತಗಳಿಗೂ ಸಮಾನ ಬೆಲೆ’ ಎಂದು ಒಂದು ಕಡೆ, ‘ಎಲ್ಲ ಮನುಷ್ಯರೂ ಸಮಾನರು’ ಎಂದು ಇನ್ನೊಂದು ಕಡೆ ಬರೆದರೆ ಅರ್ಥ ತಪ್ಪಲಿಲ್ಲ, ಆದರೆ ಕೊಂಡಿ ಕಳಚಿದ್ದು ಯಾರಿಗೂ ಕಾಣುವುದಿಲ್ಲ.

ಪದಗಳ ಆಯ್ಕೆಯ ಬಗ್ಗೆ ಎರಡು ಮಾತು ಹೇಳಬೇಕು. ‘ಮನುಷ್ಯ’ ಎಂಬುದಕ್ಕೆ ‘ವ್ಯಕ್ತಿ’ಗಿಂತ ಹೆಚ್ಚಿನ ಆರ್ದ್ರತೆ ಇದೆ, ನಿಜ. ಆದರೆ ‘ಒಬ್ಬ ಮನುಷ್ಯನಿಗೆ’ ಎಂದಾಗ ಅದು ಗಂಡಸನ್ನೇ ಸೂಚಿಸುತ್ತದೆ. ಹೆಂಗಸರಿಗೂ ಸಮನಾದ ಮತ ಕೊಟ್ಟ ಸಂವಿಧಾನದ ಕುರಿತ ವಾಕ್ಯದಲ್ಲಿ ಅದು ಮುಜುಗರ. ಇನ್ನು ‘ಬೆಲೆ’ ಎಂಬುದು ಅಚ್ಚಗನ್ನಡ ಪದ, ‘ಅವನ ಮಾತಿಗೆ ಬೆಲೆಯಿಲ್ಲ’ ಎನ್ನುವಾಗ ಮರ್ಯಾದೆಯ ಅರ್ಥವನ್ನೂ ಕೊಡುತ್ತದೆ. ಆದ್ದರಿಂದ ‘ಒಬ್ಬ ವ್ಯಕ್ತಿಗೆ ಒಂದು ಬೆಲೆ’ ಎಂಬುದನ್ನು ಹೇಗೋ ಒಪ್ಪಬಹುದು. ಆದರೆ ‘ಒಂದು ಮತಕ್ಕೆ ಒಂದು ಬೆಲೆ’ ಎಂದು ನಮ್ಮ ಚುನಾವಣೆಗಳನ್ನು ಕಂಡ ಓದುಗನ ಮುಂದಿಟ್ಟರೆ ಅವನಿಗೆ ಹೊಳೆಯುವುದು ನೋಟಿನ ಲೆಕ್ಕ. ಹಾಗಾಗಿ ಎರಡೂ ಕಡೆ ಸಲ್ಲುವ ‘ಮೌಲ್ಯ’ವೇ ಕ್ಷೇಮ.

ನಾಲ್ಕನೆಯ ವಾಕ್ಯದ ನಡುವೆ ‘ನಮ್ಮ ಸಾಮಾಜಿಕ ಮತ್ತು ಆರ್ಥಿಕ ರಚನೆಯ ಕಾರಣದಿಂದಾಗಿ’ ಎಂಬ ತಡೆ ಬರುತ್ತದೆ. ಮೂರನೆಯ ವಾಕ್ಯ ತಡೆಯಿಲ್ಲದೆ ಹರಿಯುತ್ತದೆ, ನಾಲ್ಕನೆಯದು ಎಡವಿ ನಿಂತು ಮುಂದೆ ಸಾಗುತ್ತದೆ. ಈ ತಡೆಯನ್ನು ವಾಕ್ಯದ ಆರಂಭಕ್ಕೆ ಎಳೆದು ಸರಾಗ ಮಾಡುವ ಆಸೆ ಬರಬಹುದು, ಬೇಡ. ಮೂಲದಲ್ಲಿ ವಾಕ್ಯ ಮುಗಿಯುವುದು ‘ಒಬ್ಬ ವ್ಯಕ್ತಿಗೆ ಒಂದು ಮೌಲ್ಯ’ ಎಂಬುದರಲ್ಲಿ. ಕನ್ನಡದಲ್ಲಿ ಅದನ್ನು ಕೊನೆಗೆ ಇಡಲಾಗದು, ಕೊನೆಯ ಸ್ಥಾನ ಕ್ರಿಯಾಪದದ ಪಾಲು. ಆದರೆ ಕನ್ನಡದ ವಾಕ್ಯದಲ್ಲಿ ಕ್ರಿಯಾಪದದ ಬೆನ್ನಿಗಂಟಿದ ಸ್ಥಾನಕ್ಕೂ ಒತ್ತು ಬೀಳುತ್ತದೆ. ಆ ಮಾತನ್ನು ಅಲ್ಲಿಗೆ ತಂದರೆ ನಷ್ಟ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ‘ವಿರೋಧಾಭಾಸ’ದ ಪ್ರಶ್ನೆ. ಆ ಹೆಸರು ಇಲ್ಲಿ ಸಲ್ಲುವುದಿಲ್ಲ. ವಿರೋಧಾಭಾಸ ಅಲಂಕಾರದಲ್ಲಿ ಮೇಲ್ನೋಟಕ್ಕೆ ವಿರೋಧ ಕಾಣುತ್ತದೆ, ಯೋಚಿಸಿದರೆ ಪರಿಹಾರವಾಗುತ್ತದೆ. ‘ಆಭಾಸ’ ಎಂಬ ಪದ ಸೇರಿರುವುದೇ ಅದಕ್ಕೆ. ಅಂಬೇಡ್ಕರ್ ಹೇಳುವ ವಿರೋಧ ಯೋಚಿಸಿದಷ್ಟೂ ಗಟ್ಟಿಯಾಗುತ್ತದೆ, ವ್ಯಾಖ್ಯಾನದಿಂದ ಕರಗುವುದಿಲ್ಲ. ಅದನ್ನು ಕಾರ್ಯದಿಂದ ತೊಡೆದುಹಾಕಬೇಕು ಎಂಬುದೇ ಕೊನೆಯ ವಾಕ್ಯದ ಒತ್ತಾಯ. ‘ವಿರೋಧಾಭಾಸ’ ಎಂದು ಬರೆದರೆ ಅವರ ವಾದವನ್ನು ಅಲಂಕಾರದ ಹೆಸರಿನಲ್ಲಿ ಅಲ್ಲಗಳೆದಂತಾಗುತ್ತದೆ. ‘ಸಮಾಂತರ ವಾಕ್ಯಗಳ ವೈದೃಶ್ಯ’ ಎಂದೋ, ಸುಮ್ಮನೆ ‘ವೈದೃಶ್ಯ’ ಎಂದೋ ಬರೆದು, ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿ.

ಪುನರಾವರ್ತನೆಯ ವಿಷಯಕ್ಕೆ ಬಂದರೆ, ಅದನ್ನು ಕಡಿಮೆ ಮಾಡಬೇಕೆಂಬ ನಿಮ್ಮ ಒಲವಿನ ಹಿಂದೆ ‘ಪುನರುಕ್ತಿ ದೋಷ’ ಎಂಬ ಹಳೆಯ ಪಾಠ ಇದ್ದಿರಬಹುದು. ಆದರೆ ಆ ದೋಷವನ್ನು ಹೇಳಿದ ಆಲಂಕಾರಿಕರೇ ಅದಕ್ಕೆ ವಿನಾಯಿತಿಯನ್ನೂ ಹೇಳಿದ್ದಾರೆ. ಅನುಕಂಪ ಮೊದಲಾದ ಭಾವಗಳ ಆಧಿಕ್ಯವನ್ನು ಹೇಳಬೇಕಾದಲ್ಲಿ ಪುನರುಕ್ತಿ ದೋಷವಲ್ಲ, ಬದಲಿಗೆ ಅಲಂಕಾರವೇ ಎಂಬುದು ದಂಡಿಯ ಮಾತು. ‘ಎಷ್ಟು ಕಾಲ ನಾವು’ ಎಂದು ಆರಂಭವಾಗುವ ಎರಡು ಪ್ರಶ್ನೆಗಳು ಈ ವಿನಾಯಿತಿಗೆ ಒಳ್ಳೆಯ ನಿದರ್ಶನ. ಮೊದಲ ಪ್ರಶ್ನೆ ಬದುಕಿನ ಬಗ್ಗೆ, ಎರಡನೆಯದು ಆ ಬದುಕನ್ನು ಹಾಗೆ ಮಾಡಿದ ಕೃತ್ಯದ ಬಗ್ಗೆ. ಆರಂಭ ಒಂದೇ ಆಗಿರುವುದರಿಂದ ಎರಡನೆಯದು ಮೊದಲನೆಯದರ ವಿವರಣೆಯಾಗಿ ಕೇಳಿಸುತ್ತದೆ. ವೈರುಧ್ಯದ ಬದುಕು ಎಲ್ಲಿಂದಲೋ ಬಂದು ಎರಗಿದ್ದಲ್ಲ, ನಾವು ನಿರಾಕರಿಸುತ್ತಿರುವುದರಿಂದ ಆದದ್ದು. ಇವೆರಡನ್ನೂ ಒಂದೇ ಪ್ರಶ್ನೆಯಾಗಿ ಬೆಸೆದರೆ ಈ ಹೆಜ್ಜೆ ಅಳಿಸಿಹೋಗುತ್ತದೆ.

ಅದಕ್ಕಿಂತ ಗಂಭೀರವಾದದ್ದು ನೀವು ಬಳಸಿದ ‘ಸಹಿಸಬೇಕು’ ಎಂಬ ಕ್ರಿಯಾಪದ. ಸಹಿಸುವವರು ಅನ್ಯಾಯಕ್ಕೆ ಒಳಗಾದವರು, ನಿರಾಕರಿಸುವವರು ಅನ್ಯಾಯ ಮಾಡುವವರು. ಮೂಲದ ‘ನಾವು’ ನಿರಾಕರಿಸುತ್ತದೆ; ನಿಮ್ಮ ‘ನಾವು’ ನರಳುತ್ತದೆ. ಆರೋಪಿ ಸ್ಥಾನದಲ್ಲಿ ನಿಂತಿದ್ದ ಸಭೆಯನ್ನು ಒಂದೇ ಪದದಿಂದ ನೀವು ಫಿರ್ಯಾದಿಯನ್ನಾಗಿ ಮಾಡಿದ್ದೀರಿ. ಇದೇ ಕ್ರಿಯಾಪದದ ಮೇಲೆ ಇಡೀ ಭಾಗದ ಇನ್ನೊಂದು ವಿರೋಧ ನಿಂತಿದೆ. ಏಳು ವಾಕ್ಯಗಳುದ್ದಕ್ಕೂ ‘ನಾವು’ ಒಂದೇ ಕರ್ತೃ. ಎಂಟನೆಯ ವಾಕ್ಯದ ಉತ್ತರಾರ್ಧದಲ್ಲಿ ಮೊದಲ ಬಾರಿಗೆ ಬೇರೊಬ್ಬ ಕರ್ತೃ ಕಾಣಿಸಿಕೊಳ್ಳುತ್ತಾನೆ: ‘ಅಸಮಾನತೆಯಿಂದ ನರಳುವವರು’. ಇದೇ ಭಾಷಣದ ಆರಂಭದ ಭಾಗದಲ್ಲಿ ಅಂಬೇಡ್ಕರ್, ಪರಿಶಿಷ್ಟ ಜಾತಿಗಳ ಹಿತ ಕಾಯುವುದಕ್ಕಿಂತ ದೊಡ್ಡ ಆಕಾಂಕ್ಷೆ ಯಾವುದನ್ನೂ ಇಟ್ಟುಕೊಳ್ಳದೆ ತಾವು ಈ ಸಭೆಗೆ ಬಂದದ್ದಾಗಿ ಹೇಳಿದ್ದರು. ನರಳುವವರ ಪಕ್ಷದಿಂದ ‘ನಾವು’ ಎಂದು ಮಾತನಾಡಲು ಆ ಸಭೆಯಲ್ಲಿ ಅವರಿಗಿಂತ ಹೆಚ್ಚು ಹಕ್ಕು ಉಳ್ಳವರು ವಿರಳ. ಆದರೂ ಇಲ್ಲಿ ಅವರು ತಮ್ಮನ್ನು ನಿರಾಕರಿಸುವವರ ‘ನಾವು’ವಿನೊಳಗೆ ನಿಲ್ಲಿಸಿಕೊಂಡು, ನರಳುವವರನ್ನು ‘ಅವರು’ ಎಂದು ಕರೆಯುತ್ತಾರೆ. ಇದರಿಂದ ಮಾತು ಬೆದರಿಕೆಯಾಗದೆ ಆತ್ಮವಿಮರ್ಶೆಯಾಗುತ್ತದೆ. ಈ ‘ನಾವು’ವಿಗೆ ಕನ್ನಡದಲ್ಲಿ ತೊಡಕಿಲ್ಲ, ಕೇಳುಗರನ್ನು ಒಳಗೊಂಡ ನಾವು, ಹೊರಗಿಟ್ಟ ನಾವು ಎಂಬ ಭೇದ ಇಂದಿನ ನಮ್ಮ ಭಾಷೆಯಲ್ಲಿ ಇಲ್ಲ. ತೆಲುಗಿಗೋ ತಮಿಳಿಗೋ ಅನುವಾದಿಸುವವರು ‘ಮನಂ’, ‘ಮೇಮು’ಗಳ ನಡುವೆ, ‘ನಾಮ್’, ‘ನಾಂಗಳ್’ಗಳ ನಡುವೆ ಮೊದಲೇ ತೀರ್ಮಾನ ಮಾಡಬೇಕಾಗುತ್ತದೆ. ನಮಗಿರುವ ಅಪಾಯ ಬೇರೆ: ಕ್ರಿಯಾಪದದಲ್ಲಿಯೇ ಪುರುಷ ತಿಳಿಯುವುದರಿಂದ ‘ನಾವು’ವನ್ನು ಬಿಟ್ಟುಬಿಡುವ ಸಹಜ ರೂಢಿ. ಹತ್ತರಲ್ಲಿ ಒಂದನ್ನು, ಏಳನೆಯ ವಾಕ್ಯದ ಎರಡನೆಯದನ್ನು, ನಾನೂ ಬಿಟ್ಟಿದ್ದೇನೆ. ಅಲ್ಲಿ ಅದನ್ನು ತುರುಕಿದರೆ ವಾಕ್ಯ ಕುಂಟುತ್ತದೆ. ಉಳಿದ ಒಂಬತ್ತನ್ನು ಬಿಡಲಾಗದು.

ವಿಶ್ಲೇಷಣೆ ಬರೆಯುವಾಗ ಒಂದು ಎಚ್ಚರಿಕೆ ಬೇಕು. ನನ್ನ ಅನುವಾದದಲ್ಲಿ ಸತತವಾಗಿ ಮೂರು ವಾಕ್ಯಗಳು ‘ಉತ್ತಲೇ ಇರುತ್ತೇವೆ’ ಎಂದು ಮುಗಿಯುತ್ತವೆ. ಇದನ್ನು ನೋಡಿ ‘ಭಾಷಣಕಾರರು ವಾಕ್ಯಾಂತ್ಯದ ಪುನರಾವರ್ತನೆಯನ್ನು ಬಳಸಿದ್ದಾರೆ’ ಎಂದು ಬರೆದರೆ ತಪ್ಪಾಗುತ್ತದೆ. ಮೂಲದಲ್ಲಿ ಆ ವಾಕ್ಯಗಳು ಬೇರೆ ಬೇರೆ ಪದಗಳಲ್ಲಿ ಮುಗಿಯುತ್ತವೆ. ಅಲ್ಲಿ ಪುನರಾವರ್ತನೆ ಇರುವುದು ಆರಂಭದಲ್ಲಿ ಮತ್ತು ನಡುವೆ. ಕನ್ನಡದಲ್ಲಿ ಒಂದೇ ಕರ್ತೃ ಇರುವ ವಾಕ್ಯಗಳೆಲ್ಲ ‘ಏವೆ’ ಎಂದೇ ಮುಗಿಯುವುದು ವ್ಯಾಕರಣದ ನಿಯಮ, ವಾಗ್ಮಿತೆಯ ತಂತ್ರವಲ್ಲ. ಯಾವುದು ಭಾಷೆಯ ಕೊಡುಗೆ, ಯಾವುದು ಭಾಷಣಕಾರನ ಆಯ್ಕೆ ಎಂದು ತಿಳಿಯಲು ಸುಲಭದ ಪರೀಕ್ಷೆ ಒಂದಿದೆ: ಬೇರೆ ರೀತಿಯಲ್ಲಿ ಹೇಳುವ ಅವಕಾಶ ಮೂಲದ ಭಾಷೆಯಲ್ಲಿ ಅವರಿಗೆ ಇತ್ತೇ? ‘ಎಷ್ಟು ಕಾಲ’ವನ್ನು ಎರಡನೆಯ ಸಲ ಬಿಡಬಹುದಿತ್ತು, ಅವರು ಬಿಡಲಿಲ್ಲ. ಅದು ಆಯ್ಕೆ. ಹಾಗೆಯೇ ಆ ಪ್ರಶ್ನೆಗಳ ಬೆನ್ನಿಗೆ ಬರುವ ಏಳನೆಯ ವಾಕ್ಯ ಅದೇ ಕಾಲವಾಚಿಯನ್ನು ಎತ್ತಿಕೊಳ್ಳುತ್ತದೆ. ಪ್ರಶ್ನೆಗೆ ಉತ್ತರ ಅದರ ಪದದಿಂದಲೇ ಹುಟ್ಟುವಂತೆ ಕಾಣಲಿ ಎಂದೇ ನಾನು ‘ದೀರ್ಘವಾಗಿ’ ಎನ್ನದೆ ‘ಬಹುಕಾಲ’ ಎಂದಿದ್ದೇನೆ.

ಕೊನೆಯ ವಾಕ್ಯದಲ್ಲಿ ಮೂರು ಸಂಗತಿಗಳಿವೆ. ಮೊದಲ ಮತ್ತು ಐದನೆಯ ವಾಕ್ಯಗಳಲ್ಲಿ ‘ವೈರುಧ್ಯಗಳು’ ಎಂದು ಬಹುವಚನದಲ್ಲಿ ಹರಡಿಕೊಂಡಿದ್ದದ್ದು ಇಲ್ಲಿ ‘ಈ ವೈರುಧ್ಯ’ ಎಂದು ಏಕವಚನವಾಗುತ್ತದೆ. ಬದುಕಿನ ಹಲವು ವೈರುಧ್ಯಗಳು ಕೊನೆಗೆ ಒಂದೇ ಒಂದಾಗಿ, ಕೈ ಹಾಕಿ ಕೀಳಬಹುದಾದ ವಸ್ತುವಾಗಿ ಕುಗ್ಗುತ್ತವೆ. ಕನ್ನಡದ ಅನುವಾದಕರು ‘ಗಳು’ ಪ್ರತ್ಯಯದ ವಿಷಯದಲ್ಲಿ ಉದಾಸೀನರು. ಇಲ್ಲಿ ಉದಾಸೀನ ಸಲ್ಲದು.

ಎರಡನೆಯದು ‘ರಚನೆ’. ನಾಲ್ಕನೆಯ ವಾಕ್ಯದಲ್ಲಿ ಸಾಮಾಜಿಕ, ಆರ್ಥಿಕ ರಚನೆ. ಎಂಟನೆಯದರಲ್ಲಿ ರಾಜಕೀಯ ಪ್ರಜಾಪ್ರಭುತ್ವದ ರಚನೆ. ಒಂದು ಶತಮಾನಗಳಿಂದ ನಿಂತಿರುವುದು, ಇನ್ನೊಂದು ಈಗಷ್ಟೇ ಕಟ್ಟಿ ಮುಗಿಸುತ್ತಿರುವುದು. ಮೊದಲನೆಯದನ್ನು ಮುಟ್ಟದೆ ಬಿಟ್ಟರೆ ಎರಡನೆಯದು ಉಳಿಯುವುದಿಲ್ಲ ಎಂಬ ವಾದವನ್ನು ಅವರು ವಿವರಿಸುವುದಿಲ್ಲ, ಒಂದೇ ಪದವನ್ನು ಎರಡು ಕಡೆ ಇಟ್ಟು ಸುಮ್ಮನಾಗುತ್ತಾರೆ. ಮೊದಲನೆಯದನ್ನು ‘ವ್ಯವಸ್ಥೆ’ ಎಂದೂ ಎರಡನೆಯದನ್ನು ‘ಸೌಧ’ ಎಂದೂ ಅನುವಾದಿಸುವವರು ಸೊಗಸಿಗೆ ಮನಸೋತು ಈ ಎಳೆಯನ್ನು ಕಡಿದುಬಿಡುತ್ತಾರೆ. ಕನ್ನಡದಲ್ಲಿ ಆ ಸಭೆಯ ಹೆಸರಿನಲ್ಲಿಯೇ ‘ರಚನಾ’ ಇರುವುದು ನಮಗೆ ಸಿಕ್ಕ ಕಾಕತಾಳೀಯ ಲಾಭ.

ಮೂರನೆಯದರಲ್ಲಿ ನಷ್ಟವನ್ನು ಒಪ್ಪಿಕೊಳ್ಳಲೇಬೇಕು. ಮೂಲದ ಇಂಗ್ಲಿಷಿನಲ್ಲಿ ‘ಬ್ಲೋ ಅಪ್’ ಮತ್ತು ‘ಬಿಲ್ಟ್ ಅಪ್’ ಎಂಬ ಎರಡು ಕ್ರಿಯೆಗಳು ಒಂದೇ ನಾದದಲ್ಲಿ ಎದುರಾಗುತ್ತವೆ, ಮತ್ತು ವಾಕ್ಯ ಮುಗಿಯುವುದು ಸ್ಫೋಟದಲ್ಲಿ ಅಲ್ಲ, ಸಭೆಯ ಶ್ರಮದಲ್ಲಿ. ಕನ್ನಡದ ವಿಶೇಷಣ ವಾಕ್ಯ ನಾಮಪದಕ್ಕಿಂತ ಮೊದಲೇ ಬರಬೇಕಾದ್ದರಿಂದ ಕಟ್ಟಿದ್ದು ಮೊದಲು, ಸಿಡಿಸುವುದು ಕೊನೆಗೆ. ‘ಕಟ್ಟಿದ್ದನ್ನು ಕೆಡವಿಬಿಡುತ್ತಾರೆ’ ಎಂದರೆ ಪ್ರಾಸ ಸಿಗುತ್ತದೆ, ಆದರೆ ಕೆಡಹುವುದು ನಿಧಾನದ ಕೆಲಸ, ಸ್ಫೋಟದ ಹಠಾತ್ತು ಅದರಲ್ಲಿಲ್ಲ. ‘ರಾಜಕೀಯ ಪ್ರಜಾಪ್ರಭುತ್ವದ ರಚನೆಯನ್ನು ಸಿಡಿಸಿಬಿಡುತ್ತಾರೆ, ಈ ಸಭೆ ಇಷ್ಟೊಂದು ಶ್ರಮಪಟ್ಟು ಕಟ್ಟಿದ ರಚನೆ ಅದು’ ಎಂದು ಒಡೆದು ಬರೆದರೆ ಮೂಲದ ಅನುಕ್ರಮ ಉಳಿಯುತ್ತದೆ, ಆದರೆ ಮೂಲದಲ್ಲಿಲ್ಲದ ಒಂದು ಹಳಹಳಿಕೆ ಸೇರಿಕೊಳ್ಳುತ್ತದೆ. ಅಂಬೇಡ್ಕರ್ ಅವರ ಗದ್ಯ ವಕೀಲನ ಗದ್ಯ, ಅದು ನಿಟ್ಟುಸಿರು ಬಿಡುವುದಿಲ್ಲ. ಆದ್ದರಿಂದ ನಾನು ಒಂದೇ ವಾಕ್ಯವನ್ನು ಉಳಿಸಿಕೊಂಡು, ಕ್ರಿಯಾಪದಕ್ಕೆ ‘ಬಿಡು’ ಸೇರಿಸಿ, ಹಿಂದಿರುಗಲಾಗದ ಕೃತ್ಯ ಎಂಬ ಸೂಚನೆಯನ್ನು ಕೊಟ್ಟಿದ್ದೇನೆ.

ವಿಶ್ಲೇಷಣೆಯನ್ನು ಬರೆಯುವಾಗ ತಂತ್ರಗಳ ಹೆಸರನ್ನು ಪಟ್ಟಿ ಮಾಡಿ ಎದುರಿಗೆ ಉದಾಹರಣೆ ಹಾಕುವ ಪದ್ಧತಿಯನ್ನು ಕೈಬಿಡಿ. ಎರಡು ಅಥವಾ ಮೂರು ಜಾಗಗಳನ್ನು ಮಾತ್ರ ಆರಿಸಿ. ನನ್ನನ್ನು ಕೇಳಿದರೆ ಘೋಷಣೆಯಿಂದ ‘ಮತ’ ಕಳಚಿಹೋಗುವ ಜಾಗ ಮತ್ತು ‘ನಾವು’ ‘ಅವರು’ ಆಗುವ ಜಾಗ ಸಾಕು. ಪ್ರತಿಯೊಂದರಲ್ಲೂ ಮೂಲದಲ್ಲಿ ಏನಿದೆ, ಅದು ಅಂದಿನ ಕೇಳುಗರ ಮೇಲೆ ಏನು ಮಾಡುವಂತಿದೆ, ನಿಮ್ಮ ಕನ್ನಡದಲ್ಲಿ ಅದಕ್ಕೆ ಏನಾಯಿತು ಎಂದು ಬರೆಯಿರಿ. ಮೊದಲನೆಯದಕ್ಕೆ ಹೀಗೆ ಆರಂಭಿಸಬಹುದು: ‘ಮೂರನೆಯ ವಾಕ್ಯದಲ್ಲಿ ಪೂರ್ಣವಾಗಿ ಉಲ್ಲೇಖವಾದ ಘೋಷಣೆ ನಾಲ್ಕನೆಯದರಲ್ಲಿ ಮತ ಎಂಬ ಪದವನ್ನು ಕಳೆದುಕೊಂಡು ಮರಳುತ್ತದೆ. ಕೇಳುಗರು ಪೂರ್ತಿ ಘೋಷಣೆಯನ್ನು ನಿರೀಕ್ಷಿಸುವ ಕಡೆ ಅದರ ಒಂದು ಭಾಗ ಮಾತ್ರ ಸಿಗುವುದರಿಂದ, ಇಲ್ಲದ ಭಾಗದ ಕಡೆಗೆ ಗಮನ ಹರಿಯುತ್ತದೆ. ಅನುವಾದದಲ್ಲಿ ವ್ಯಕ್ತಿ, ಮೌಲ್ಯ ಎಂಬ ಎರಡೂ ಪದಗಳನ್ನು ಬದಲಿಸದೆ ಇಟ್ಟದ್ದು ಇದಕ್ಕಾಗಿ.’ ಮೂಲ ಪಠ್ಯವನ್ನು ಸಂವಿಧಾನ ರಚನಾ ಸಭೆಯ ಅಧಿಕೃತ ಚರ್ಚೆಗಳ ಹನ್ನೊಂದನೆಯ ಸಂಪುಟದಿಂದ ಎತ್ತಿಕೊಳ್ಳಿ. ಹರಿದಾಡುವ ಉಲ್ಲೇಖಗಳಲ್ಲಿ ಎರಡು ‘ಎಷ್ಟು ಕಾಲ’ಗಳಲ್ಲಿ ಒಂದು ಬಿಟ್ಟುಹೋಗಿದ್ದರೆ, ನೀವು ವಿಶ್ಲೇಷಿಸಬೇಕಾದ ಪುನರಾವರ್ತನೆಯೇ ನಿಮ್ಮ ಮುಂದೆ ಇರುವುದಿಲ್ಲ.